ಬೇಸಿಕ್‌ನ ಶೇ. 14: ಖಾಸಗಿ ನೌಕರರ ಎನ್‌ಪಿಎಸ್ ಲೆಕ್ಕ

ಹೊಸ ಆರ್ಥಿಕ ವರ್ಷ ಶುರುವಾಗುತ್ತಿದ್ದಂತೆ ಖಾಸಗಿ ಕಂಪನಿಗಳ ಎಚ್‌ಆರ್ ವಿಭಾಗದಿಂದ ನೌಕರರಿಗೆ ಒಂದು ಮೇಲ್ ಬರುತ್ತದೆ. ತೆರಿಗೆಗೆ ಹಳೇ ಪದ್ಧತಿಯೋ ಹೊಸದೋ, ಸಂಬಳದಲ್ಲಿ ಎನ್‌ಪಿಎಸ್ ಸೇರಿಸಬೇಕೋ ಬೇಡವೋ, ಇಂಥ ದಿನದೊಳಗೆ ತಿಳಿಸಿ ಎಂದು. ಮೊದಲ ಪ್ರಶ್ನೆಗೆ ನಾಲ್ಕು ಜನರನ್ನು ಕೇಳಿ ಉತ್ತರ ಕೊಡುವವರೂ ಎರಡನೆಯದಕ್ಕೆ ‘ಬೇಡ’ ಎಂದು ಒತ್ತಿ ಸುಮ್ಮನಾಗುತ್ತಾರೆ. ಅರವತ್ತರವರೆಗೆ ಕೈಗೆ ಸಿಗದ ದುಡ್ಡು ಯಾರಿಗೆ ಬೇಕು ಎಂಬ ಅವರ ಅನುಮಾನ ಸುಳ್ಳೇನಲ್ಲ. ಆದರೆ ಲೆಕ್ಕ ಹಾಕದೆ ಬಿಡುವಷ್ಟು ಸಣ್ಣ ವಿಷಯವೂ ಇದಲ್ಲ.

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ 2004ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗಾಗಿ ಶುರುವಾಯಿತು. 2009ರಲ್ಲಿ ಎಲ್ಲ ನಾಗರಿಕರಿಗೂ ಬಾಗಿಲು ತೆರೆಯಿತು. ಖಾಸಗಿ ನೌಕರರು ತಾವಾಗಿಯೇ ಹಣ ಕಟ್ಟಬಹುದು. ಕಂಪನಿಯೂ ಅವರ ಹೆಸರಿನಲ್ಲಿ ಕಟ್ಟಬಹುದು. ತೆರಿಗೆಯ ಮಟ್ಟಿಗೆ ಈ ಎರಡಕ್ಕೂ ಅಜಗಜಾಂತರ. ಸ್ವಂತ ದುಡ್ಡಿಗೆ ಸಿಗುವ 50,000 ರೂಪಾಯಿಯ ಹೆಚ್ಚುವರಿ ವಿನಾಯಿತಿ ಹಳೇ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಉಳಿದಿರುವುದು ಕಂಪನಿ ಕಟ್ಟುವ ಭಾಗದ ವಿನಾಯಿತಿಯೊಂದೇ. 2024ರ ಜುಲೈ ಬಜೆಟ್ ಅದರ ಮಿತಿಯನ್ನು ಬೇಸಿಕ್ ಮತ್ತು ಡಿಎ ಮೊತ್ತದ ಶೇ. 10ರಿಂದ ಶೇ. 14ಕ್ಕೆ ಏರಿಸಿತು. ಕಂಪನಿ ಕಟ್ಟುವುದೆಂದರೆ ತನ್ನ ಜೇಬಿನಿಂದ ಹೆಚ್ಚಿಗೆ ಕೊಡುತ್ತದೆ ಎಂದಲ್ಲ. ಹೆಚ್ಚಿನ ಕಡೆ ಸಿಟಿಸಿಯ ಒಂದು ತುಂಡನ್ನೇ ಆ ಕಡೆಗೆ ತಿರುಗಿಸುತ್ತಾರೆ, ಅಷ್ಟೇ.

ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ 35 ವರ್ಷದ ಇಂಜಿನಿಯರ್ ಒಬ್ಬರನ್ನು ಊಹಿಸಿಕೊಳ್ಳೋಣ. ಕಂಪನಿಯ ಪಿಎಫ್ ಪಾಲು ಬಿಟ್ಟು ಅವರ ಸಂಬಳ ವರ್ಷಕ್ಕೆ 13.5 ಲಕ್ಷ, ಬೇಸಿಕ್ ತಿಂಗಳಿಗೆ 56,250. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಆದಾಯ 12.75 ಲಕ್ಷ. 2025-26ರ ದರದಲ್ಲಿ ಇದರ ಮೇಲೆ ಸೆಸ್ ಸೇರಿ 74,100 ರೂಪಾಯಿ ತೆರಿಗೆ. ಈಗ ಬೇಸಿಕ್‌ನ ಶೇ. 14, ಅಂದರೆ ತಿಂಗಳಿಗೆ 7,875 ರೂಪಾಯಿ ಎನ್‌ಪಿಎಸ್‌ಗೆ ಹೋಗಲಿ. ವರ್ಷಕ್ಕೆ 94,500 ಆಯಿತು. ಆದಾಯ 11,80,500ಕ್ಕೆ ಇಳಿಯಿತು. 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ! ಪಿಂಚಣಿ ಖಾತೆಗೆ 94,500 ಬಿದ್ದರೂ ಮನೆಗೆ ಬರುವ ಸಂಬಳದಲ್ಲಿ ಕಡಿಮೆಯಾಗುವುದು ವರ್ಷಕ್ಕೆ 20,400 ಮಾತ್ರ, ತಿಂಗಳಿಗೆ 1,700.

ಇಷ್ಟು ದೊಡ್ಡ ಲಾಭ ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಆಕೆ ರಿಬೇಟಿನ ಗಡಿಯ ಮೇಲೆ ನಿಂತಿದ್ದಾರೆ. ಎರಡು ಇಂಕ್ರಿಮೆಂಟ್ ಬಂದು ಶೇ. 20ರ ಸ್ಲ್ಯಾಬಿಗೆ ಏರಿದರೆ ಉಳಿತಾಯ ನೂರಕ್ಕೆ ಸುಮಾರು 21 ರೂಪಾಯಿಗೆ ಇಳಿಯುತ್ತದೆ. ಸಂಬಳ 12.75 ಲಕ್ಷದೊಳಗೇ ಇರುವವರಿಗೆ ಮೊದಲೇ ತೆರಿಗೆಯಿಲ್ಲ. ಹಾಗಾಗಿ ತೆರಿಗೆಯ ಕಾರಣಕ್ಕೆ ಅವರು ಈ ತಂಟೆಗೆ ಹೋಗಬೇಕಿಲ್ಲ.

ಇನ್ನು ಬೀಗದ ಮಾತು. ಮಕ್ಕಳ ಓದು, ಮದುವೆ, ಮನೆ, ದೊಡ್ಡ ಕಾಯಿಲೆ ಇಂಥ ಕಾರಣಗಳಿಗೆ ಶೇ. 25ರಷ್ಟು ಹಣ ನಡುವೆ ತೆಗೆಯಬಹುದು ಎಂದು ಏಜೆಂಟರು ಹೇಳುತ್ತಾರೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ಶೇ. 25 ಲೆಕ್ಕಕ್ಕೆ ಬರುವುದು ನೌಕರರು ಸ್ವತಃ ಕಟ್ಟಿದ ಹಣದ ಮೇಲೆ ಮಾತ್ರ. ಕಂಪನಿ ಕಟ್ಟಿದ್ದೂ ಸೇರುವುದಿಲ್ಲ, ಬೆಳೆದ ಲಾಭವೂ ಸೇರುವುದಿಲ್ಲ. ನಮ್ಮ ಇಂಜಿನಿಯರ್ ಖಾತೆಗೆ ಬೀಳುವುದೆಲ್ಲ ಕಂಪನಿಯ ಹೆಸರಿನಲ್ಲೇ. ಅಂದಮೇಲೆ ಖಾತೆಯಲ್ಲಿ ಹತ್ತು ಲಕ್ಷ ಕೂತಿದ್ದರೂ ಮಗಳ ಕಾಲೇಜು ಫೀಜಿಗೆ ಅಲ್ಲಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅವಧಿಗೆ ಮುನ್ನ ಖಾತೆಯನ್ನೇ ಮುಚ್ಚುತ್ತೇನೆಂದರೆ, ಮೊತ್ತ ತೀರಾ ಚಿಕ್ಕದಲ್ಲದಿದ್ದರೆ, ಶೇ. 80 ಭಾಗ ಆನ್ಯುಟಿಗೆ ಹೋಗುತ್ತದೆ. ಖಾತೆದಾರರು ತೀರಿಕೊಂಡರೆ ಮಾತ್ರ ಖಾಸಗಿ ನೌಕರರ ಪೂರ್ತಿ ಹಣ ನಾಮಿನಿಗೆ ಸಿಗುತ್ತದೆ.

ಆನ್ಯುಟಿ ಅಂದರೆ ವಿಮಾ ಕಂಪನಿಗೆ ಒಂದು ಇಡಿಗಂಟು ಕೊಟ್ಟು ಬದುಕಿರುವವರೆಗೆ ತಿಂಗಳ ಪಿಂಚಣಿ ಪಡೆಯುವ ಒಪ್ಪಂದ. ಎನ್‌ಪಿಎಸ್ ಮೇಲಿನ ಹಳೇ ತಕರಾರು ಇದೇ ಆಗಿತ್ತು: ಅರವತ್ತಕ್ಕೆ ಕೂಡಿದ ಹಣದ ಶೇ. 40 ಕಡ್ಡಾಯವಾಗಿ ಇದಕ್ಕೆ ಹೋಗುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಪಿಂಚಣಿ ನಿಯಂತ್ರಕ ಪಿಎಫ್‌ಆರ್‌ಡಿಎ ನಿಯಮ ಬದಲಿಸಿ, ಸರ್ಕಾರಿ ನೌಕರರಲ್ಲದವರಿಗೆ ಇದನ್ನು ಶೇ. 20ಕ್ಕೆ ಇಳಿಸಿತು. ಒಟ್ಟು ಮೊತ್ತ 8 ಲಕ್ಷದೊಳಗಿದ್ದರೆ ಆನ್ಯುಟಿಯೇ ಬೇಕಿಲ್ಲ, ಎಲ್ಲವನ್ನೂ ಕೈಗೆ ಪಡೆಯಬಹುದು. ಇದರಲ್ಲೊಂದು ತೊಡಕಿದೆ. ನಿಯಮ ಬದಲಾದ ಹೊತ್ತಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ತೆರಿಗೆರಹಿತ ಎಂದು ಬರೆದದ್ದು ಶೇ. 60 ಮಾತ್ರ. ಆದ್ದರಿಂದ ಹಣ ತೆಗೆಯುವ ವರ್ಷದಲ್ಲಿ ಆಗ ಜಾರಿಯಲ್ಲಿರುವ ತೆರಿಗೆ ನಿಯಮವನ್ನು ನೋಡಿಯೇ ಅರ್ಜಿ ತುಂಬಬೇಕು.

ಮತ್ತೆ ಮೈಸೂರಿಗೆ ಬರೋಣ. ತಿಂಗಳಿಗೆ ಅದೇ 7,875 ರೂಪಾಯಿ 25 ವರ್ಷ ಹೋಗಿ, ವರ್ಷಕ್ಕೆ ಸರಾಸರಿ ಶೇ. 9 ಬೆಳೆದರೆ, ಕಟ್ಟಿದ ಸುಮಾರು 23.6 ಲಕ್ಷ ಹತ್ತಿರ ಹತ್ತಿರ 88 ಲಕ್ಷವಾಗುತ್ತದೆ. ಶೇ. 9 ಎಂಬುದು ನಮ್ಮ ಊಹೆ, ಯಾರ ಭರವಸೆಯೂ ಅಲ್ಲ. ಅದರ ಐದನೇ ಒಂದು ಪಾಲು, ಅಂದರೆ ಸುಮಾರು 17.6 ಲಕ್ಷ ಆನ್ಯುಟಿಗೆ. ದರ ಶೇ. 6.5 ಎಂದಿಟ್ಟುಕೊಂಡರೆ ತಿಂಗಳಿಗೆ 9,500ರಷ್ಟು ಪಿಂಚಣಿ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಅದು ಇವತ್ತಿನ 2,800 ರೂಪಾಯಿಗೆ ಸಮ. ಸಾಮಾನ್ಯ ಆನ್ಯುಟಿಯಲ್ಲಿ ಪಿಂಚಣಿ ವರ್ಷವರ್ಷ ಏರುವುದೂ ಇಲ್ಲ, ಬಂದದ್ದಕ್ಕೆ ತೆರಿಗೆಯೂ ಉಂಟು. ಹೆಸರಿನಲ್ಲಿ ಪಿಂಚಣಿ ಇದ್ದರೂ ಮುಪ್ಪಿನಲ್ಲಿ ಮನೆ ನಡೆಸಬೇಕಾದದ್ದು ಕೈಗೆ ಬರುವ ಉಳಿದ 70 ಲಕ್ಷ. ಅದನ್ನು ಒಟ್ಟಿಗೆ ತೆಗೆಯಲೇಬೇಕೆಂದಿಲ್ಲ, ಖಾತೆಯಲ್ಲೇ ಬಿಟ್ಟು ಕಂತುಕಂತಾಗಿ ಪಡೆಯಲೂ ಅವಕಾಶವಿದೆ.

ಪಿಎಫ್ ಇದ್ದಮೇಲೆ ಇದೇಕೆ ಎನ್ನುವವರು ಎರಡರ ಗುಣವನ್ನು ನೋಡಬೇಕು. 2024-25ಕ್ಕೆ ಶೇ. 8.25 ಬಡ್ಡಿ ಕೊಟ್ಟ ಪಿಎಫ್ ಸುರಕ್ಷಿತ ಸಾಲಪತ್ರದ ಭಾಗವಿದ್ದಂತೆ. ಅದು ಗಟ್ಟಿಯಾಗಿರುವಾಗ ಎನ್‌ಪಿಎಸ್‌ನಲ್ಲೂ ಸರ್ಕಾರಿ ಬಾಂಡ್‌ಗಳನ್ನೇ ತುಂಬಿಕೊಂಡರೆ ಪ್ರಯೋಜನ ಕಡಿಮೆ. ಇಲ್ಲಿ ಷೇರಿನ ಪಾಲು ಶೇ. 75ರವರೆಗೂ ಇರಬಹುದು. 2025ರ ಅಕ್ಟೋಬರ್‌ನಿಂದ ಪೂರ್ತಿ ಷೇರಿನ ಯೋಜನೆಗಳಿಗೂ ಅವಕಾಶವಾಗಿದೆ. ಏನನ್ನೂ ಆರಿಸದೆ ಬಿಟ್ಟವರ ಹಣ ಸಾಮಾನ್ಯವಾಗಿ ವಯಸ್ಸಿನೊಂದಿಗೆ ಷೇರು ಇಳಿಸುತ್ತಾ ಹೋಗುವ ‘ಆಟೋ’ ದಾರಿಗೆ ಬೀಳುತ್ತದೆ. ಎಷ್ಟೋ ಜನರಿಗೆ ತಮ್ಮದು ಯಾವ ದಾರಿಯೆಂಬುದೇ ಗೊತ್ತಿರುವುದಿಲ್ಲ. ಮ್ಯೂಚುವಲ್ ಫಂಡ್‌ನಲ್ಲಿ ಷೇರಿನಿಂದ ಬಾಂಡಿಗೆ ಹೊರಳಿದರೆ ಲಾಭಕ್ಕೆ ತೆರಿಗೆ ಬರುತ್ತದೆ, ಎನ್‌ಪಿಎಸ್ ಒಳಗೆ ಬರುವುದಿಲ್ಲ. ಬದಲಿಗೆ ಮ್ಯೂಚುವಲ್ ಫಂಡ್‌ನ ಹಣ ಬೇಕೆಂದಾಗ ಸಿಗುತ್ತದೆ. ಮಗಳ ಓದು, ಮನೆಯ ಮುಂಗಡ, ಆರು ತಿಂಗಳ ಖರ್ಚಿನ ಆಪದ್ಧನ ಇವೆಲ್ಲ ಹೊರಗಡೆಯೇ ಇರಲಿ. ಹೊಸ ಪದ್ಧತಿಯವರು ಕಂಪನಿಯ ಶೇ. 14ರ ಆಚೆಗೆ ಸ್ವಂತ ದುಡ್ಡು ಸುರಿಯಲು ಬಲವಾದ ಕಾರಣ ಕಾಣುವುದಿಲ್ಲ.

ಎಡವುವ ಜಾಗ ಇನ್ನೊಂದಿದೆ, ಕೆಲಸ ಬದಲಿಸುವ ಹೊತ್ತು. 12 ಅಂಕಿಯ ಪ್ರಾನ್ ಸಂಖ್ಯೆ ಬದಲಾಗುವುದಿಲ್ಲ, ಆದರೆ ಹೊಸ ಕಂಪನಿ ಅದನ್ನು ತನ್ನ ಕಡೆಗೆ ಜೋಡಿಸಿಕೊಳ್ಳಬೇಕು. ಆ ಕಂಪನಿಯಲ್ಲಿ ಎನ್‌ಪಿಎಸ್ ಸೌಲಭ್ಯವೇ ಇಲ್ಲದಿದ್ದರೆ ಖಾತೆಯನ್ನು ವೈಯಕ್ತಿಕ ವಿಭಾಗಕ್ಕೆ ವರ್ಗಾಯಿಸಿಕೊಂಡು ತಾವೇ ಕಟ್ಟುತ್ತಾ ಹೋಗಬೇಕು. ಸಂಬಳದ ಚೀಟಿಯಲ್ಲಿ 7,875 ಕಡಿತ ಕಂಡ ಮಾತ್ರಕ್ಕೆ ಹಣ ಖಾತೆಗೆ ಸೇರಿತೆಂದು ತಿಳಿಯಬಾರದು. ಸೇರಿದ ದಿನ ಮತ್ತು ಸಿಕ್ಕ ಯೂನಿಟ್‌ಗಳು ಪ್ರಾನ್ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಇರುತ್ತವೆ. ಎರಡು ತಿಂಗಳ ಕಂತು ಅಲ್ಲಿ ಕಾಣದಿದ್ದರೆ ಎಚ್‌ಆರ್ ವಿಭಾಗಕ್ಕೆ ಬರೆದು ಕೇಳಬೇಕು, ಯಾಕೆಂದರೆ ತಡವಾದಷ್ಟು ದಿನ ಆ ಹಣಕ್ಕೆ ಯೂನಿಟ್ ಹುಟ್ಟಿರುವುದಿಲ್ಲ.