ಎರಡೂ ಮುಖ ಸೀದಾ: ಜೋಡಿ ಹೆಣಿಗೆಯ ಒಳಗುಟ್ಟು

ಎರಡು ಬಣ್ಣದ ಉಣ್ಣೆಯಲ್ಲಿ ಚಿತ್ತಾರ ಹೆಣೆದ ಸ್ವೆಟರನ್ನು ಒಮ್ಮೆ ತಿರುವಿ ಹಾಕಿ ನೋಡಿ. ಒಳಬದಿಯಲ್ಲಿ ನೂಲಿನ ಎಳೆಗಳು ಅಡ್ಡಡ್ಡ ಜೋತಾಡುತ್ತಿರುತ್ತವೆ. ಸ್ವೆಟರಿಗೆ ಅದರಿಂದ ತೊಂದರೆಯಿಲ್ಲ, ಒಳಬದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಫ್ಲರಿನ ಮಾತು ಬೇರೆ. ಕತ್ತಿಗೆ ಸುತ್ತಿಕೊಂಡಾಗ ಅದರ ಎರಡೂ ಮುಖ ಹೊರಗೆ ಕಾಣುತ್ತವೆ. ಒಂದು ಬದಿಯಲ್ಲಿ ನೀಲಿ ನೆಲದ ಮೇಲೆ ಬಿಳಿ ಚೌಕ, ಇನ್ನೊಂದು ಬದಿಯಲ್ಲಿ ಬಿಳಿ ನೆಲದ ಮೇಲೆ ನೀಲಿ ಚೌಕ, ಎರಡೂ ಅಷ್ಟೇ ಅಚ್ಚುಕಟ್ಟು. ಇಂಥ ಬಟ್ಟೆಯನ್ನು ಕೊಡುವುದು ಜೋಡಿ ಹೆಣಿಗೆ. ಇದರಲ್ಲಿ ಒಂದೇ ಜೊತೆ ಕಡ್ಡಿಗಳ ಮೇಲೆ ಎರಡು ಪದರಗಳು ಒಟ್ಟಿಗೆ ಬೆಳೆಯುತ್ತವೆ.

ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯ ಕೊನೆಯ ಭಾಗದಲ್ಲಿ ಅನ್ನಾ ಮಕಾರೊವ್ನಾ ಎಂಬ ದಾದಿ ಬರುತ್ತಾಳೆ. ಆಕೆ ಒಂದೇ ಸಲಕ್ಕೆ ಎರಡು ಕಾಲುಚೀಲ ಹೆಣೆದು, ಮುಗಿದ ಮೇಲೆ ಮಕ್ಕಳ ಮುಂದೆ ಒಂದರೊಳಗಿಂದ ಇನ್ನೊಂದನ್ನು ಎಳೆದು ತೆಗೆಯುತ್ತಾಳೆ. ಇದು ಮಂತ್ರವಲ್ಲ, ಜೋಡಿ ಹೆಣಿಗೆಯೇ. ಎರಡು ಪದರಗಳ ನೂಲುಗಳು ಒಂದನ್ನೊಂದು ಎಲ್ಲಿಯೂ ದಾಟಲಿಲ್ಲ, ಹಾಗಾಗಿ ಪದರಗಳು ಬಿಡಿಬಿಡಿಯಾಗಿ ಹೊರಬಂದವು. ನಮ್ಮ ಮಫ್ಲರಿಗೆ ಬೇಕಾದದ್ದು ಇದರ ತಿರುವು. ಪದರಗಳು ಕೂಡಬೇಕು, ಆದರೆ ನಾವು ಹೇಳಿದ ಜಾಗದಲ್ಲಿ ಮಾತ್ರ ಕೂಡಬೇಕು. ಆ ಜಾಗಗಳು ಎರಡೇ: ಚಿತ್ತಾರದಲ್ಲಿ ಬಣ್ಣ ಬದಲಾಗುವ ಗೆರೆ ಮತ್ತು ಪಕ್ಕದ ಅಂಚು. ಉಳಿದ ಕಡೆ ಒಂದು ಬಣ್ಣದ ನೂಲು ಇನ್ನೊಂದರ ದಾರಿಗೆ ಅಡ್ಡ ಬರಬಾರದು.

ಕಡ್ಡಿಯ ಮೇಲೆ ಕುಣಿಕೆಗಳು ಜೋಡಿ ಜೋಡಿಯಾಗಿ ಕೂರುತ್ತವೆ. ಜೋಡಿಯ ಮೊದಲನೆಯದು ನಮ್ಮ ಕಡೆಗಿರುವ ಪದರದ್ದು, ಅದನ್ನು ನಿಟ್, ಅಂದರೆ ಸೀದಾ ಹಾಕುತ್ತೇವೆ. ಎರಡನೆಯದು ಹಿಂದಿನ ಪದರದ್ದು, ಅದನ್ನು ಪರ್ಲ್, ಅಂದರೆ ಉಲ್ಟಾ ಹಾಕುತ್ತೇವೆ. ಪರ್ಲ್ ಕುಣಿಕೆಯ ಬೆನ್ನು ನಿಟ್‌ನಂತೆಯೇ ಕಾಣುವುದರಿಂದ ಆಚೆ ಬದಿಯಲ್ಲಿ ನಿಂತವರಿಗೂ ಸೀದಾ ಮುಖವೇ ಕಾಣುತ್ತದೆ.

ಚಿಕ್ಕ ತುಂಡೊಂದನ್ನು ಹೆಣೆದು ನೋಡೋಣ. ಒಂದೇ ದಪ್ಪದ ನೀಲಿ ಮತ್ತು ಬಿಳಿ ಉಣ್ಣೆ ಇರಲಿ. ಆ ಉಣ್ಣೆಗೆ ಸಾಮಾನ್ಯವಾಗಿ 4 ಮಿ.ಮೀ. ಕಡ್ಡಿ ಬಳಸುವಿರಾದರೆ ಇಲ್ಲಿ 3.25 ಮಿ.ಮೀ. ಕಡ್ಡಿ ಹಿಡಿಯಿರಿ. ಒಂದು ಪದರದ ಎರಡು ಕುಣಿಕೆಗಳ ನಡುವೆ ಇನ್ನೊಂದು ಪದರದ ಕುಣಿಕೆ ಬಂದು ಕೂರುವುದರಿಂದ ನೂಲು ಸ್ವಲ್ಪ ಹೆಚ್ಚು ಓಡುತ್ತದೆ, ಹೆಣಿಗೆ ಸಡಿಲಾಗುತ್ತದೆ. ಸಣ್ಣ ಕಡ್ಡಿ ಅದನ್ನು ಬಿಗಿಹಿಡಿಯುತ್ತದೆ.

ಎರಡೂ ನೂಲನ್ನು ಜೊತೆಯಾಗಿ ಹಿಡಿದು 25 ಕುಣಿಕೆ ಏರಿಸಿ. ಪ್ರತಿಯೊಂದರಲ್ಲೂ ಒಂದು ನೀಲಿ, ಒಂದು ಬಿಳಿ ಎಳೆ ಇರುತ್ತದೆ. ಮೊದಲನೆಯದು ಮತ್ತು ಕೊನೆಯದು ಅಂಚಿನ ಕುಣಿಕೆಗಳು, ಅವು ಕೊನೆಯವರೆಗೂ ಜೋಡೆಳೆಯಾಗಿಯೇ ಉಳಿಯುತ್ತವೆ. ನಡುವಿನ 23 ಕುಣಿಕೆಗಳು ಬಿಡಿಸಿಕೊಂಡು 23 ಜೋಡಿಗಳಾಗುತ್ತವೆ.

ಮೊದಲ ಸಾಲಿನ ಅಂಚಿನ ಕುಣಿಕೆಯನ್ನು ಎರಡೂ ನೂಲು ಸೇರಿಸಿ ನಿಟ್ ಹಾಕಿ. ಮುಂದೆ ಪ್ರತಿ ಜೋಡಿಯಲ್ಲಿ ಎರಡೂ ನೂಲನ್ನು ಹಿಂದಕ್ಕೆ ಒಯ್ದು ನೀಲಿ ಎಳೆಯನ್ನು ನೀಲಿಯಿಂದ ನಿಟ್ ಹಾಕಿ. ಎರಡೂ ನೂಲನ್ನು ಮುಂದಕ್ಕೆ ತಂದು ಬಿಳಿ ಎಳೆಯನ್ನು ಬಿಳಿಯಿಂದ ಪರ್ಲ್ ಹಾಕಿ. ಕಡ್ಡಿಯ ಮೇಲೆ ಬಿಳಿ ಎಳೆ ಮೊದಲು ಕೂತಿದ್ದರೆ ಎರಡನ್ನೂ ಅದಲುಬದಲು ಮಾಡಿಕೊಳ್ಳಿ. ಸಾಲಿನ ಕೊನೆಯಲ್ಲಿ ಎರಡೂ ನೂಲನ್ನು ಮುಂದಿಟ್ಟುಕೊಂಡು, ಅಂಚಿನ ಕುಣಿಕೆಯನ್ನು ಹೆಣೆಯದೆ, ಪರ್ಲ್ ಹಾಕುವಾಗ ಕಡ್ಡಿ ತೂರಿಸುವಂತೆ ತೂರಿಸಿ ಬಲಗಡ್ಡಿಗೆ ಜಾರಿಸಿ. ತಿರುಗಿಸಿದಾಗ ಎದುರಿಗೆ ಬಿಳಿ ಮುಖ ಬರುತ್ತದೆ. ಎರಡನೆಯ ಸಾಲಿನಲ್ಲಿ ಬಿಳಿ ನಿಟ್, ನೀಲಿ ಪರ್ಲ್. ಅಂಚಿನ ವಿಧಾನ ಮಾತ್ರ ಎಲ್ಲ ಸಾಲಿನಲ್ಲೂ ಒಂದೇ: ಆರಂಭದಲ್ಲಿ ಎರಡೂ ನೂಲಿನಿಂದ ನಿಟ್, ಕೊನೆಯಲ್ಲಿ ಜಾರಿಸುವುದು.

ಹೀಗೆ 10 ಸಾಲು ಮುಗಿದ ಮೇಲೆ ಚೌಕ ಶುರುವಾಗಲಿ. 11ನೆಯ ಸಾಲಿನಲ್ಲಿ ಮೊದಲ 8 ಜೋಡಿ ಎಂದಿನಂತೆ. ನಡುವಿನ 7 ಜೋಡಿಗಳಲ್ಲಿ ನೀಲಿ ಕುಣಿಕೆಯನ್ನು ಬಿಳಿ ನೂಲಿನಿಂದ ನಿಟ್ ಹಾಕಿ, ಬಿಳಿಯದನ್ನು ನೀಲಿ ನೂಲಿನಿಂದ ಪರ್ಲ್ ಹಾಕಿ. ಉಳಿದ 8 ಮತ್ತೆ ಎಂದಿನಂತೆ. ಕೈಯ ಕೆಲಸ ಎಲ್ಲಿಯೂ ಬದಲಾಗಲಿಲ್ಲ, ಮೊದಲನೆಯದು ನಿಟ್, ಎರಡನೆಯದು ಪರ್ಲ್. ನೂಲು ಮಾತ್ರ ಅದಲುಬದಲಾಯಿತು. ಆ ಗೆರೆಯಲ್ಲಿ ನೀಲಿ ನೂಲು ಹಿಂದಿನ ಪದರಕ್ಕೂ ಬಿಳಿ ನೂಲು ಮುಂದಿನ ಪದರಕ್ಕೂ ದಾಟಿ, ಎರಡು ಪದರಗಳು ಅಲ್ಲಿ ಬೆಸೆದುಕೊಂಡವು. 12ನೆಯ ಸಾಲಿನಲ್ಲಿ ಬಿಳಿ ಬದಿಯಿಂದ ಹೆಣೆಯುವಾಗ ನೆಲಕ್ಕೆ ಬಿಳಿ ನಿಟ್, ಚೌಕಕ್ಕೆ ನೀಲಿ ನಿಟ್. ಕುಣಿಕೆಯ ಎತ್ತರ ಅದರ ಅಗಲಕ್ಕಿಂತ ಕಡಿಮೆಯಿರುವುದರಿಂದ 7 ಜೋಡಿ ಅಗಲದ ಚೌಕಕ್ಕೆ ಸುಮಾರು 10 ಸಾಲು ಬೇಕಾಗುತ್ತದೆ.

ತಪ್ಪುವುದು ಹೆಚ್ಚಾಗಿ ನೂಲು ಸರಿಸುವಲ್ಲಿ. ನೀಲಿ ನಿಟ್ ಹಾಕುವಾಗ ಬಿಳಿ ನೂಲು ಮುಂದೆಯೇ ಉಳಿದರೆ ನೀಲಿ ಮುಖದ ಮೇಲೆ ಬಿಳಿ ಎಳೆಯೊಂದು ಅಡ್ಡ ಬೀಳುತ್ತದೆ. ಬಿಳಿ ಪರ್ಲ್ ಹಾಕುವಾಗ ನೀಲಿ ಹಿಂದೆ ಉಳಿದರೆ ಅದೇ ಗುರುತು ಬಿಳಿ ಮುಖದ ಮೇಲೆ, ನಮಗೆ ಕಾಣದ ಬದಿಯಲ್ಲಿ ಬೀಳುತ್ತದೆ. ಹಾಗಾಗಿ ಪ್ರತಿ ಸಾಲು ಮುಗಿದಾಗ ಹಿಂಬದಿಯನ್ನೂ ಒಮ್ಮೆ ನೋಡಬೇಕು. ಎರಡು ಮೂರು ಸಾಲು ಕೆಳಗಿನ ತಪ್ಪಾದರೆ ಆ ಒಂದು ಜೋಡಿಯನ್ನಷ್ಟೇ ಅಲ್ಲಿಯವರೆಗೆ ಬಿಚ್ಚಿ, ಕ್ರೋಶಾ ಕಡ್ಡಿಯಿಂದ ಎಳೆಯನ್ನು ಪದರಗಳ ನಡುವೆ ತಳ್ಳಿ, ಕುಣಿಕೆಗಳನ್ನು ಮತ್ತೆ ಮೇಲೇರಿಸಬಹುದು.

ಇನ್ನು ಎರಡು ಮುಖಗಳ ಹದ. ಬಹಳ ಜನರ ಪರ್ಲ್ ಅವರ ನಿಟ್‌ಗಿಂತ ಸಡಿಲ. ಹೀಗೆ ತಿರುಗಿಸಿ ತಿರುಗಿಸಿ ಹೆಣೆದಾಗ ಪ್ರತಿ ಮುಖಕ್ಕೂ ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಸಿಗುವುದರಿಂದ ಆ ಸಡಿಲು ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ. ಟೋಪಿಯಂತೆ ಸುತ್ತು ಹೆಣೆದರೆ ಹೊರಮುಖ ಪೂರ್ತಿ ನಿಟ್, ಒಳಮುಖ ಪೂರ್ತಿ ಪರ್ಲ್. ಆಗ ಒಳಪದರ ದೊಡ್ಡದಾಗಿ ಸುಕ್ಕುಗಟ್ಟಬಹುದು. ತಿರುಗಿಸಿ ಹೆಣೆದ ತುಂಡೂ ಒಂದು ಕಡೆಗೆ ಬಾಗುತ್ತಿದ್ದರೆ ಕಾರಣ ಬೆರಳಿನಲ್ಲಿದೆ: ಒಂದು ನೂಲನ್ನು ಇನ್ನೊಂದಕ್ಕಿಂತ ಬಿಗಿಯಾಗಿ ಹಿಡಿದಿದ್ದೀರಿ. ಬಟ್ಟೆ ಬಿಗಿ ನೂಲಿನ ಮುಖದ ಕಡೆಗೇ ಬಾಗುತ್ತದೆ.

ಅಂಚಿಗೆ ಇನ್ನೊಂದು ದಾರಿಯೂ ಇದೆ. ಅಂಚಿನ ಕುಣಿಕೆಯಿಲ್ಲದೆ ಬರೀ ಜೋಡಿಗಳಲ್ಲೇ ಹೆಣೆದು, ಪ್ರತಿ ಸಾಲಿನ ಆರಂಭದಲ್ಲಿ ಒಂದು ನೂಲನ್ನು ಇನ್ನೊಂದಕ್ಕೆ ಒಂದು ಸುತ್ತು ಹಾಕಿಕೊಳ್ಳುವುದು. ಅದನ್ನು ಮರೆತ ಸಾಲುಗಳಲ್ಲಿ ಅಂಚು ದಿಂಬಿನ ಗವಸಿನ ಬಾಯಿಯಂತೆ ತೆರೆದುಕೊಳ್ಳುತ್ತದೆ, ಬೆರಳು ತೂರಿಸಿದರೆ ಗೊತ್ತಾಗುತ್ತದೆ. ಜೋಡೆಳೆಯ ಕುಣಿಕೆಯಲ್ಲಿ ಹೀಗೆ ಮರೆಯುವ ಭಯವಿಲ್ಲ, ಪಕ್ಕದಲ್ಲಿ ನೀಲಿ ಬಿಳಿ ಬೆರೆತ ಸರಪಳಿಯೂ ಮೂಡುತ್ತದೆ. ಮುಗಿಸುವಾಗ ಪ್ರತಿ ಜೋಡಿಯನ್ನು ಒಟ್ಟಿಗೆ ಒಂದೇ ನಿಟ್ ಹಾಕಿ, ಹಿಂದಿನದನ್ನು ಅದರ ಮೇಲಿಂದ ದಾಟಿಸುತ್ತ ಹೋದರೆ ಮೇಲಂಚೂ ಮುಚ್ಚುತ್ತದೆ.

ಈ ಹೆಣಿಗೆಗೆ ಮಿತಿಗಳೂ ಇವೆ. ಬಟ್ಟೆ ಎರಡು ಪಟ್ಟು ದಪ್ಪ, ಉಣ್ಣೆಯೂ ಸಮಯವೂ ಹೆಚ್ಚುಕಡಿಮೆ ಎರಡು ಪಟ್ಟು. ಚಿತ್ತಾರವಿಲ್ಲದ ದೊಡ್ಡ ಜಾಗದಲ್ಲಿ ಪದರಗಳು ಬೇರೆಬೇರೆಯಾಗಿ ಉಬ್ಬುತ್ತವೆ, ಅಲ್ಲಲ್ಲಿ ಒಂದೊಂದು ಚುಕ್ಕಿ ಹೆಣೆದರೆ ನಿಲ್ಲುತ್ತವೆ. ಅಕ್ಷರ ಹೆಣೆದರೆ ಆಚೆ ಬದಿಯಲ್ಲಿ ಕನ್ನಡಿಯ ಬಿಂಬದಂತೆ ತಿರುಗಿ ಕಾಣುತ್ತದೆ. ಆದ್ದರಿಂದ ಮೊದಲ ಮಫ್ಲರಿಗೆ ಎಡಬಲ ಸಮನಾದ, ಬಣ್ಣ ಪದೇಪದೇ ಬದಲಾಗುವ ಚೌಕಳಿಯನ್ನೇ ಆರಿಸಿಕೊಳ್ಳಿ. ನೂಲು ಅಷ್ಟಷ್ಟು ದೂರಕ್ಕೆ ದಾಟುತ್ತ ಪದರಗಳನ್ನು ಹಿಡಿದಿಡುತ್ತದೆ, ಎರಡು ಬದಿಯ ಚಿತ್ತಾರದಲ್ಲಿ ಬಣ್ಣದ್ದಲ್ಲದೆ ಬೇರೆ ವ್ಯತ್ಯಾಸವೂ ಉಳಿಯುವುದಿಲ್ಲ.