55 ಅಂಕ ಬಂದರೂ ಫೇಲ್ ಏಕೆ?

ಇಂಜಿನಿಯರಿಂಗ್ ಫಲಿತಾಂಶ ಬಂದ ದಿನ ಎಷ್ಟೋ ಮನೆಗಳಲ್ಲಿ ತಲೆಕೆಡಿಸುವ ಸಾಲೊಂದಿದೆ: ಒಟ್ಟು 55 ಅಂಕ, ಪಕ್ಕದಲ್ಲಿ F. ಲೆಕ್ಕ ತಪ್ಪಿದೆ ಎಂದು ತಂದೆತಾಯಿ ಕಾಲೇಜಿಗೆ ಓಡುತ್ತಾರೆ. ಲೆಕ್ಕ ತಪ್ಪಿಲ್ಲ. ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಇಂಟರ್ನಲ್‌ಗೆ 50, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50 ಅಂಕ. ಪಾಸಾಗಲು ಇಂಟರ್ನಲ್‌ನಲ್ಲಿ 20, ಪರೀಕ್ಷೆಯಲ್ಲಿ 18, ಒಟ್ಟಿನಲ್ಲಿ 40 ಇರಬೇಕು. ಈ ಹುಡುಗನಿಗೆ ಇಂಟರ್ನಲ್‌ನಲ್ಲಿ 40 ಬಂದಿದೆ, ಪರೀಕ್ಷೆಯಲ್ಲಿ 15 ಮಾತ್ರ. ಮೂರು ಅಂಕದ ಕೊರತೆಗೆ ಇಡೀ ವಿಷಯ ಉಳಿದುಹೋಯಿತು.

ಹೀಗೆ ಉಳಿದದ್ದೇ ಬ್ಯಾಕ್‌ಲಾಗ್. ಇಂಟರ್ನಲ್‌ನ 40 ಹಾಗೇ ಇರುತ್ತದೆ. ಶುಲ್ಕ ಕಟ್ಟಿ ಪರೀಕ್ಷೆಯನ್ನಷ್ಟೇ ಮತ್ತೆ ಬರೆದರೆ ಸಾಕು.

ಡಿಟೇನ್ ಆಗುವುದು ಬೇರೆ ಮಾತು, ಇದಕ್ಕಿಂತ ಭಾರದ್ದು. ಹಾಜರಾತಿ ಅಥವಾ ಇಂಟರ್ನಲ್ ಅಂಕ ಸಾಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ವಿಟಿಯು ಫಲಿತಾಂಶದಲ್ಲಿ ಅರ್ಹತೆ ಇಲ್ಲದವರ ಮುಂದೆ NE ಎಂದಿರುತ್ತದೆ. ಅಂಥವರು ಆ ವಿಷಯಕ್ಕೆ ಮತ್ತೆ ನೋಂದಾಯಿಸಿಕೊಂಡು ತರಗತಿಯಿಂದಲೇ ಶುರು ಮಾಡಬೇಕು. ಆದ್ದರಿಂದ ‘ಪಾಸಾಗಿಲ್ಲ’ ಎಂದು ಮಕ್ಕಳು ಹೇಳಿದಾಗ F ಇದೆಯೋ NE ಇದೆಯೋ ಎಂದು ಮೊದಲು ಕೇಳಿ. ಪರೀಕ್ಷೆಗೆ ಓದಬೇಕೋ, ಮರುನೋಂದಣಿಗೆ ಕಾಲೇಜಿಗೆ ಹೋಗಬೇಕೋ ಎಂಬುದು ಅದರ ಮೇಲೆ ನಿಂತಿದೆ.

ಈಗ ಅದೇ ಹುಡುಗನ ಗ್ರೇಡ್ ಪಾಯಿಂಟ್ ಸರಾಸರಿ ನೋಡೋಣ. ಅಂಕಕ್ಕೆ ಪಾಯಿಂಟ್ ಉಂಟು: 90 ದಾಟಿದರೆ 10, ಎಂಬತ್ತರ ಮೇಲೆ 9, ಎಪ್ಪತ್ತರ ಮೇಲೆ 8, ಅರವತ್ತರ ಮೇಲೆ 7, ಹೀಗೆ ಇಳಿಯುತ್ತ ಬಂದು ಫೇಲಾದರೆ 0. ಪ್ರತಿ ಪಾಯಿಂಟನ್ನೂ ಆ ವಿಷಯದ ಕ್ರೆಡಿಟ್‌ನಿಂದ ಗುಣಿಸಬೇಕು. 4 ಕ್ರೆಡಿಟ್‌ನ ವಿಷಯದಲ್ಲಿ 72 ಬಂದರೆ 8ನ್ನು 4ರಿಂದ ಗುಣಿಸಿ 32. ಆರು ವಿಷಯ, 20 ಕ್ರೆಡಿಟ್‌ನ ಸೆಮಿಸ್ಟರ್‌ನಲ್ಲಿ ಪಾಸಾದ ಐದರಿಂದ ಅವನು ಗಳಿಸಿದ್ದು 128 ಎಂದಿಟ್ಟುಕೊಳ್ಳಿ. 20ರಿಂದ ಭಾಗಿಸಿದರೆ 6.40. ಫೇಲಾದ ವಿಷಯದ 4 ಕ್ರೆಡಿಟ್ ಬಿಟ್ಟು 16ರಿಂದ ಭಾಗಿಸಿ 8 ಎಂದು ಹಿಗ್ಗುವವರಿದ್ದಾರೆ. ಆ ಲೆಕ್ಕ ನಡೆಯುವುದಿಲ್ಲ. ಮರುಪರೀಕ್ಷೆಯಲ್ಲಿ 22 ತೆಗೆದರೆ ಒಟ್ಟು 62 ಆಗಿ 7 ಪಾಯಿಂಟ್ ಸಿಗುತ್ತದೆ, 28 ಸೇರಿ 156 ಆಗುತ್ತದೆ, ಸರಾಸರಿ 7.80ಕ್ಕೆ ಏರುತ್ತದೆ. ಬಿಟ್ಟುಹೋದ ಒಂದು ವಿಷಯಕ್ಕೆ ಅಷ್ಟು ತೂಕ.

ಕೆಲವು ವಿಶ್ವವಿದ್ಯಾಲಯಗಳ ಪ್ರಕಟಣೆಯಲ್ಲಿ ಕಾಣುವ ‘ಪ್ರಾವಿಜನಲ್ ಪಾಸ್’ ಎಂದರೆ ದಾಖಲೆ ಅಥವಾ ಅರ್ಹತೆಯ ಪರಿಶೀಲನೆ ಬಾಕಿ ಇಟ್ಟುಕೊಂಡು ಕೊಟ್ಟ ತಾತ್ಕಾಲಿಕ ಫಲಿತಾಂಶ. ಘಟಿಕೋತ್ಸವಕ್ಕೆ ಮುಂಚೆ ಕೊಡುವ ಪ್ರಾವಿಜನಲ್ ಪದವಿ ಪ್ರಮಾಣಪತ್ರ ಬೇರೆ. ಅದು ಎಲ್ಲ ಸೆಮಿಸ್ಟರ್ ಮುಗಿಸಿದವರಿಗೆ ಮಾತ್ರ. ಪ್ರಾವಿಜನಲ್ ಪಾಸ್ ಬಂದವರು ಯಾವ ಕಾಗದ ಬಾಕಿ ಇದೆ ಎಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಅದೇ ವಾರ ಕೇಳಿ ತಿಳಿಯಬೇಕು.