ಸಿರಿಂಜು ಕೆಂಪಿಗೆ, ಸೂಜಿ ಬಿಳಿಗೆ

ವಾರ್ಡಿನಲ್ಲಿ ಒಬ್ಬ ರೋಗಿಯ ಡ್ರಿಪ್ ಮುಗಿಯುತ್ತದೆ. ಸಿಸ್ಟರ್ ಬಂದು ಕೈಯಿಂದ ಕ್ಯಾನುಲಾ ತೆಗೆದು, ಅಲ್ಲಿ ಹತ್ತಿ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಟ್ರೇಯಲ್ಲಿ ಉಳಿದಿರುವುದನ್ನು ಎಣಿಸಿ ನೋಡಿ: ಖಾಲಿ ಸಲೈನ್ ಬಾಟಲಿ, ಅದರ ಉದ್ದನೆಯ ಟ್ಯೂಬು, ಕ್ಯಾನುಲಾ, ರಕ್ತದ ಹತ್ತಿ, ಔಷಧ ಸೇರಿಸಲು ಬಳಸಿದ ಸಿರಿಂಜು, ಅದರ ಸೂಜಿ, ಕತ್ತು ಮುರಿದ ಗಾಜಿನ ಆಂಪೂಲ್, ಒಂದು ಜೊತೆ ಗ್ಲೌಸು, ಇವೆಲ್ಲ ಬಂದಿದ್ದ ಪ್ಯಾಕೆಟ್ಟುಗಳ ಸಿಪ್ಪೆ. ಒಂದೇ ಡ್ರಿಪ್‌ನಿಂದ ಹುಟ್ಟಿದ ಈ ಒಂಬತ್ತು ವಸ್ತುಗಳು ಐದು ಬೇರೆ ಬೇರೆ ಕಡೆಗೆ ಹೋಗಬೇಕು.

ಆಸ್ಪತ್ರೆಯಲ್ಲಿ ಸಾಲಾಗಿ ನಿಂತ ಹಳದಿ, ಕೆಂಪು, ನೀಲಿ ಬುಟ್ಟಿಗಳನ್ನೂ ಪಕ್ಕದ ಬಿಳಿ ಡಬ್ಬಿಯನ್ನೂ ನೋಡದವರು ಕಡಿಮೆ. ಕೆಂಪು ಎಂದರೆ ತುಂಬ ಅಪಾಯ, ಹಳದಿ ಎಂದರೆ ಸ್ವಲ್ಪ ಕಡಿಮೆ ಎಂದು ಸಿಗ್ನಲ್ ದೀಪದ ಲೆಕ್ಕದಲ್ಲಿ ಅರ್ಥ ಮಾಡಿಕೊಂಡವರೇ ಹೆಚ್ಚು. ಅದು ತಪ್ಪು. ಬಣ್ಣ ಹೇಳುವುದು ಅಪಾಯದ ಮಟ್ಟವನ್ನಲ್ಲ, ಆ ವಸ್ತು ಕೊನೆಗೆ ಯಾವ ಯಂತ್ರಕ್ಕೆ ಹೋಗುತ್ತದೆ ಎಂಬುದನ್ನು. 1998ರ ಮೊದಲ ನಿಯಮಗಳಲ್ಲಿ ಈ ತ್ಯಾಜ್ಯಕ್ಕೆ ಹತ್ತು ವರ್ಗಗಳಿದ್ದವು. ನೆನಪಿಟ್ಟುಕೊಳ್ಳುವುದೇ ಕಷ್ಟವಾಗಿತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಅವನ್ನು ನಾಲ್ಕು ಬಣ್ಣಗಳಿಗೆ ಇಳಿಸಿದವು.

ಹಳದಿ ಚೀಲ ಸುಡುವುದಕ್ಕೆ. ಅದು ಇನ್ಸಿನರೇಟರ್ ಎಂಬ ಕುಲುಮೆಗೆ ಹೋಗುತ್ತದೆ. ಕೆಂಪು ಚೀಲ ಬೇಯಿಸುವುದಕ್ಕೆ. ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬೆಂದು, ಆಮೇಲೆ ಚೂರುಚೂರಾಗಿ, ಪ್ಲಾಸ್ಟಿಕ್ ಮರುಬಳಕೆಯವರ ಕೈ ಸೇರುತ್ತದೆ. ಬಿಳಿ ಡಬ್ಬಿ ಚುಚ್ಚುವ, ಕೊಯ್ಯುವ ಲೋಹಕ್ಕೆ. ಒಳಗಿನ ಮೊನೆ ಹೊರಬಾರದಷ್ಟು ಅದರ ಗೋಡೆ ಗಟ್ಟಿಯಾಗಿರಬೇಕು. ನೀಲಿ ಗುರುತಿನ ಡಬ್ಬಿ ಗಾಜಿಗೆ, ಮತ್ತು ದೇಹದಿಂದ ತೆಗೆದ ರಾಡು, ಪ್ಲೇಟುಗಳಂಥ ಲೋಹಕ್ಕೆ.

ಇಷ್ಟು ತಿಳಿದರೆ ಟ್ರೇ ತಾನಾಗಿ ವಿಂಗಡವಾಗುತ್ತದೆ. ಬಾಟಲಿ, ಟ್ಯೂಬು, ಗ್ಲೌಸು, ಸೂಜಿ ಕತ್ತರಿಸಿದ ಸಿರಿಂಜು ಇವೆಲ್ಲ ಕೆಂಪಿಗೆ. ಹತ್ತಿಯನ್ನು ಮರುಬಳಸಲಾಗದು, ಸುಡಲೇಬೇಕು, ಹಾಗಾಗಿ ಹಳದಿಗೆ. ಸೂಜಿ ಬಿಳಿಗೆ, ಆಂಪೂಲ್ ನೀಲಿಗೆ. ಪ್ಯಾಕೆಟ್ಟಿನ ಸಿಪ್ಪೆಗೆ ರಕ್ತದ ಸೋಂಕೇ ತಗಲಿಲ್ಲ, ಅದು ಮನೆಯ ಕಸದ ಹಾಗೆ ಸಾಮಾನ್ಯ ಬುಟ್ಟಿಗೆ. ಕ್ಯಾನುಲಾದಲ್ಲಿ ಮಾತ್ರ ಸ್ವಲ್ಪ ಗೊಂದಲ. ನಾಳಕ್ಕೆ ಚುಚ್ಚುವಾಗ ಅದರೊಳಗೆ ಉಕ್ಕಿನ ಸೂಜಿ ಇರುತ್ತದೆ. ಚುಚ್ಚಿದ ಕೂಡಲೇ ಅದನ್ನು ಹೊರಗೆಳೆಯುತ್ತಾರೆ, ಅದು ಆಗಲೇ ಬಿಳಿ ಡಬ್ಬಿ ಸೇರಬೇಕು. ಎರಡು ಮೂರು ದಿನ ಕೈಯಲ್ಲಿದ್ದು ಕೊನೆಗೆ ಹೊರಬರುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಅದು ಕೆಂಪಿಗೆ.

ಈಗ ತಪ್ಪಿದರೆ ಏನಾಗುತ್ತದೆ ನೋಡೋಣ. ಸಲೈನ್ ಟ್ಯೂಬು ಹಳದಿ ಚೀಲಕ್ಕೆ ಬಿತ್ತು ಎನ್ನಿ. ಎಷ್ಟೋ ಟ್ಯೂಬುಗಳನ್ನು ಪಿವಿಸಿಯಿಂದ ಮಾಡಿರುತ್ತಾರೆ. ಅದರಲ್ಲಿ ಕ್ಲೋರಿನ್ ಇದೆ. ಕುಲುಮೆಯಲ್ಲಿ ಸರಿಯಾಗಿ ಉರಿಯದೆ ಹೋದರೆ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹೊಗೆಯೊಂದಿಗೆ ಹೊರಬೀಳುತ್ತವೆ. ಕುಲುಮೆಯ ಎರಡನೇ ಕೋಣೆಯಲ್ಲಿ ಹೊಗೆಯನ್ನು ಸುಮಾರು 1050 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡು ಹಿಡಿದಿಡಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಚೀಲಗಳೂ ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್ಕಿನವೇ ಆಗಿರಬೇಕು. ತಿರುಗಾಮುರುಗಾ ಆಗಿ ರಕ್ತದ ಹತ್ತಿ ಕೆಂಪಿಗೆ ಬಿದ್ದರೆ, ಅದು ಪ್ಲಾಸ್ಟಿಕ್ ಜೊತೆ ಬೆಂದು, ಚೂರುಗಳ ರಾಶಿಯಲ್ಲಿ ಸಿಕ್ಕಿಕೊಂಡು ಇಡೀ ಸರಕನ್ನು ಕೆಡಿಸುತ್ತದೆ. ಆದರೆ ಇವೆರಡೂ ದೂರದಲ್ಲಿ, ಆಮೇಲೆ ಆಗುವ ನಷ್ಟ. ಸೂಜಿ ತಪ್ಪು ಚೀಲಕ್ಕೆ ಬಿದ್ದರೆ ನಷ್ಟ ಆ ವಾರ್ಡಿನಲ್ಲೇ, ಆ ಪಾಳಿಯಲ್ಲೇ ಆಗುತ್ತದೆ. ಚುಚ್ಚಿಸಿಕೊಳ್ಳುವವರು ಸೂಜಿ ಬಳಸಿದವರಲ್ಲ, ಚೀಲ ಎತ್ತುವವರು.

ಇಡೀ ವ್ಯವಸ್ಥೆಯ ನಿಜವಾದ ಬಿರುಕು ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ. ವಿಂಗಡಣೆ ಆಗಬೇಕಾದದ್ದು ತ್ಯಾಜ್ಯ ಹುಟ್ಟಿದ ಜಾಗದಲ್ಲಿ, ಅದನ್ನು ಹುಟ್ಟಿಸಿದ ಕೈಯಿಂದ. ಇಂಜೆಕ್ಷನ್ ಕೊಟ್ಟವರೇ ಸೂಜಿಯನ್ನು ಕಟರ್‌ನಲ್ಲಿ ಕತ್ತರಿಸಬೇಕು, ಅದಕ್ಕೆ ಮತ್ತೆ ಮುಚ್ಚಳ ಹಾಕಲು ಹೋಗಬಾರದು. ಹಾಗಿದ್ದೂ ಎಷ್ಟೋ ಕಡೆ ವೈದ್ಯರೂ ಸಿಸ್ಟರ್‌ಗಳೂ ಎಲ್ಲವನ್ನೂ ಒಂದೇ ಟ್ರೇಗೆ ಹಾಕಿ, 'ಹೌಸ್‌ಕೀಪಿಂಗ್‌ನವರು ನೋಡ್ಕೋತಾರೆ' ಎಂದು ಮುಂದೆ ಹೋಗುವ ರೂಢಿ ಇದೆ. ಚೀಲದ ಬಾಯಿ ಬಿಚ್ಚಿ, ಕೈ ಹಾಕಿ, ತಪ್ಪಾಗಿ ಬಿದ್ದದ್ದನ್ನು ಸರಿಯಾದ ಚೀಲಕ್ಕೆ ಹಾಕುವುದು ಸ್ವಚ್ಛತಾ ಸಿಬ್ಬಂದಿಯ ಕೆಲಸವಲ್ಲ. ಅದು ಅವರು ಮಾಡಲೇಬಾರದ ಕೆಲಸ. ದಪ್ಪ ರಬ್ಬರ್ ಗ್ಲೌಸು ರಕ್ತ ತಾಗುವುದನ್ನು ತಡೆಯುತ್ತದೆ, ಸೂಜಿಯನ್ನು ತಡೆಯುವುದಿಲ್ಲ. ಹಳದಿ ಚೀಲದಲ್ಲಿ ಸೂಜಿ ಕಂಡರೆ ಮಾಡಬೇಕಾದ್ದು ಒಂದೇ: ಆ ಚೀಲವನ್ನು ಹಾಗೇ ಬಿಟ್ಟು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ ತೋರಿಸುವುದು. ಗುತ್ತಿಗೆ ಕೆಲಸದಾಕೆ ಇನ್‌ಚಾರ್ಜ್ ಮುಂದೆ ಹೀಗೆ ಹೇಳುವುದು ಎಷ್ಟು ಕಷ್ಟ ಎಂಬುದು ಬೇರೆ ಮಾತು.

ಚೀಲ ಎತ್ತುವುದಕ್ಕೂ ಕ್ರಮವಿದೆ. ಮುಕ್ಕಾಲು ತುಂಬಿದ ಕೂಡಲೇ ಬಾಯಿ ತಿರುಚಿ ಗಂಟು ಹಾಕಬೇಕು. ಇನ್ನೂ ಸ್ವಲ್ಪ ಹಿಡಿಸಲಿ ಎಂದು ಅಂಗೈಯಿಂದ ಅದುಮಬಾರದು. ಕತ್ತನ್ನು ಹಿಡಿದು, ಮೈಯಿಂದ ದೂರವಿಟ್ಟು ಎತ್ತಬೇಕು. ತಳಕ್ಕೆ ಕೈ ಕೊಡಬಾರದು, ಹೆಗಲಿಗೆ ಹಾಕಬಾರದು, ನೆಲದ ಮೇಲೆ ಎಳೆಯಬಾರದು. ಪ್ರತಿ ಚೀಲದ ಮೇಲೆ ಬಾರ್‌ಕೋಡ್ ಅಂಟಿಸಿ, ಮುಚ್ಚಳವಿರುವ ಗಾಡಿಯಲ್ಲಿ ಶೇಖರಣಾ ಕೋಣೆಗೆ ಒಯ್ಯಬೇಕು. ಸಂಸ್ಕರಿಸದ ತ್ಯಾಜ್ಯ ಅಲ್ಲಿ 48 ಗಂಟೆಗಿಂತ ಹೆಚ್ಚು ಹೊತ್ತು ಇರುವಂತಿಲ್ಲ. ಬಿಳಿ ಡಬ್ಬಿಯನ್ನಂತೂ ಒಮ್ಮೆ ಮುಚ್ಚಿದ ಮೇಲೆ ತೆರೆಯುವಂತಿಲ್ಲ. ಡಬ್ಬಿ ಉಳಿಸಲು ಒಳಗಿನ ಸೂಜಿಗಳನ್ನು ಬೇರೆಡೆ ಸುರಿಯುವ ಮಿತವ್ಯಯ ಕೈಗೆ ಬಹಳ ದುಬಾರಿಯಾಗುತ್ತದೆ.

ಆದರೂ ಚುಚ್ಚುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬ ಹೆಂಗಸು ಹಳದಿ ಚೀಲ ಒಯ್ಯುತ್ತಿದ್ದಾರೆ ಎಂದುಕೊಳ್ಳಿ. ನಡೆಯುವಾಗ ಚೀಲ ಕಾಲಿಗೆ ತಾಗುತ್ತದೆ, ಹತ್ತಿಯ ನಡುವಿದ್ದ ಸೂಜಿ ಮೀನಖಂಡಕ್ಕೆ ಇರಿಯುತ್ತದೆ. ಗಾಯವನ್ನು ಹಿಸುಕಿ ರಕ್ತ ತೆಗೆಯಬೇಕು, ಸ್ಪಿರಿಟ್ ಸುರಿಯಬೇಕು ಎಂದು ಸುತ್ತಲಿನವರು ಹೇಳುತ್ತಾರೆ. ಎರಡೂ ಬೇಡ. ಹರಿಯುವ ನೀರು ಮತ್ತು ಸೋಪಿನಿಂದ ತೊಳೆದರೆ ಸಾಕು. ಆಮೇಲೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ತೀರ್ಮಾನಿಸಿದರೆ ಎರಡು ಗಂಟೆಯೊಳಗೆ ಶುರು ಮಾಡುವುದು ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದ ಮೇಲೆ 28 ದಿನ ಬಿಡದೆ ನುಂಗಬೇಕು.

ಇಲ್ಲಿ ಸಿಸ್ಟರ್‌ಗೂ ಸ್ವಚ್ಛತಾ ಸಿಬ್ಬಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಿಸ್ಟರ್‌ಗೆ ಸೂಜಿ ಚುಚ್ಚಿದರೆ ಅದು ಯಾವ ರೋಗಿಯದು ಎಂದು ಗೊತ್ತಿರುತ್ತದೆ, ಆ ರೋಗಿಯ ರಕ್ತ ಪರೀಕ್ಷಿಸಬಹುದು. ಚೀಲದೊಳಗಿನ ಸೂಜಿಗೆ ಹೆಸರಿಲ್ಲ. ವಾರ್ಡಿನಲ್ಲಿ ಎಂಥ ರೋಗಿಗಳಿದ್ದಾರೆ ಎಂಬ ಅಂದಾಜಿನ ಮೇಲೆಯೇ ವೈದ್ಯರು ನಿರ್ಧರಿಸಬೇಕು, ಚುಚ್ಚಿಸಿಕೊಂಡವರು ಆರು ತಿಂಗಳವರೆಗೆ ಮತ್ತೆ ಮತ್ತೆ ರಕ್ತ ಕೊಟ್ಟು ಫಲಿತಾಂಶಕ್ಕೆ ಕಾಯಬೇಕು. ಎಲ್ಲರೂ ಮೊದಲು ಹೆದರುವುದು ಎಚ್‌ಐವಿಗೆ. ಸೋಂಕಿತರಿಗೆ ಬಳಸಿದ ಸೂಜಿಯೇ ಚುಚ್ಚಿದರೂ ಅದು ತಗಲುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ಹೆಪಟೈಟಿಸ್ ಬಿ ಹಾಗಲ್ಲ: ಲಸಿಕೆ ಪಡೆಯದವರಿಗೆ ನೂರಕ್ಕೆ ಆರರಿಂದ ಮೂವತ್ತರವರೆಗೆ. ಒಣಗಿದ ರಕ್ತದ ಕಲೆಯಲ್ಲೂ ಆ ವೈರಸ್ ಕನಿಷ್ಠ ಒಂದು ವಾರ ಜೀವ ಹಿಡಿದಿರಬಲ್ಲದು. ಸಮಾಧಾನವೆಂದರೆ ಈ ಮೂರರಲ್ಲಿ ಲಸಿಕೆ ಇರುವುದು ಇದೊಂದಕ್ಕೇ. ಎಚ್‌ಐವಿಗೂ ಇಲ್ಲ, ಹೆಪಟೈಟಿಸ್ ಸಿಗೂ ಇಲ್ಲ.

ವಿಂಗಡಣೆ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಚೀಲ ಬಿಚ್ಚಬೇಕಿಲ್ಲ, ತೂಕದ ರಿಜಿಸ್ಟರ್ ನೋಡಿದರೆ ಸಾಕು. ಪ್ರತಿ ಬಣ್ಣದ ತೂಕವನ್ನೂ ದಿನವೂ ಬರೆದಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆಯ ಒಟ್ಟು ಕಸದಲ್ಲಿ ಸುಮಾರು ಶೇ 85ರಷ್ಟು ಸಾಮಾನ್ಯ ಕಸ. ರೋಗಿಗಳ ಸಂಖ್ಯೆ ಅಷ್ಟೇ ಇದ್ದು ಹಳದಿಯ ತೂಕ ಮಾತ್ರ ಏರುತ್ತಿದ್ದರೆ, ಊಟದ ತಟ್ಟೆಯೂ ಬಾಳೆಹಣ್ಣಿನ ಸಿಪ್ಪೆಯೂ ಅಲ್ಲಿಗೆ ಬೀಳುತ್ತಿವೆ ಎಂದರ್ಥ. ರೋಗಿಯ ಕಡೆಯವರು, ಅಂದರೆ ನೀವು ನಾವು, ಹತ್ತಿರ ಕಂಡ ಬುಟ್ಟಿಗೆ ಹಾಕುವುದರಿಂದ ಆಗುವುದೇ ಇದು. ದಿನಕ್ಕೆ ನೂರು ಇಂಜೆಕ್ಷನ್ ಕೊಡುವ ವಾರ್ಡಿನಲ್ಲಿ ತಿಂಗಳಿಗೆ ಮೂರು ಸಾವಿರ ಸೂಜಿ ಬಿಳಿ ಡಬ್ಬಿಗೆ ಬೀಳಬೇಕು. ಮೂರು ವಾರವಾದರೂ ಡಬ್ಬಿಯ ತಳವಷ್ಟೇ ಮುಚ್ಚಿದ್ದರೆ ಉಳಿದ ಸೂಜಿಗಳು ಇನ್ನೆಲ್ಲೋ ಇವೆ, ಬಹುಶಃ ಆ ಹಳದಿ ಚೀಲಗಳಲ್ಲೇ. ಪರಿಶೀಲನೆಗೆ ಬಂದವರು ಗೋಡೆಯ ಪೋಸ್ಟರ್ ನೋಡುವುದಕ್ಕಿಂತ ಈ ಲೆಕ್ಕ ಕೇಳುವುದು ವಾಸಿ.

ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸುವುದು, ಕೆಲಸಕ್ಕೆ ಸೇರುವಾಗಲೂ ಆಮೇಲೆ ವರ್ಷಕ್ಕೊಮ್ಮೆಯೂ ತರಬೇತಿ ಮತ್ತು ಆರೋಗ್ಯ ತಪಾಸಣೆ ಕೊಡಿಸುವುದು ಆಸ್ಪತ್ರೆಯ ಹೊಣೆ ಎಂದು 2016ರ ನಿಯಮಗಳು ಹೇಳುತ್ತವೆ. ಹೊರಗುತ್ತಿಗೆಯವರು ಎಂಬ ವಿನಾಯಿತಿ ಇಲ್ಲ. ತೊಡಕಿರುವುದು ತಾರೀಖುಗಳಲ್ಲಿ. ಹೆಪಟೈಟಿಸ್ ಬಿ ಲಸಿಕೆಗೆ ಮೂರು ಡೋಸ್: ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ಅಷ್ಟರಲ್ಲಿ ಏಜೆನ್ಸಿ ಬದಲಾಗಿರುತ್ತದೆ, ಇಲ್ಲವೇ ಆಕೆ ಇನ್ನೊಂದು ಆಸ್ಪತ್ರೆ ಸೇರಿರುತ್ತಾರೆ. ಹೊಸ ಜಾಗದಲ್ಲಿ 'ಲಸಿಕೆ ಆಗಿದೆಯಾ?' ಎಂದು ಕೇಳಿದರೆ ಆಕೆ ಹೌದು ಎನ್ನುತ್ತಾರೆ. ಎರಡು ಸಲ ಆಗಿದೆಯಲ್ಲ. ಆದ್ದರಿಂದ ಲಸಿಕೆಯ ಕಾರ್ಡು ಏಜೆನ್ಸಿಯ ಫೈಲಿನಲ್ಲಿರದೆ ಆಕೆಯ ಕೈಯಲ್ಲೇ ಇರಬೇಕು, ಅದರಲ್ಲಿ ಮೂರೂ ತಾರೀಖುಗಳನ್ನು ಬರೆದಿರಬೇಕು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳ ನಂತರ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ದೇಹದಲ್ಲಿ ಸಾಕಷ್ಟು ರಕ್ಷಣೆ ಬೆಳೆದಿದೆಯೇ ಎಂಬುದೂ ಗೊತ್ತಾಗುತ್ತದೆ. ಆ ಫಲಿತಾಂಶವನ್ನೂ ಅದೇ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಸೂಜಿ ಚುಚ್ಚಿದ ರಾತ್ರಿ ತುರ್ತು ವಿಭಾಗದ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.